ಅಜ್ಜಿ ಬದುಕಿದ್ದಾಳೆ ಅಂತ ಫೋನಲ್ಲಿ ಬರೆದುಕೊಟ್ಟ ಕಥೆ

ನವೆಂಬರ್ ಬಂತು ಅಂದ್ರೆ ನಮ್ಮಜ್ಜಿ ಬ್ಯಾಂಕಿಗೆ ಹೋಗಿ ತಾನಿನ್ನೂ ಸತ್ತಿಲ್ಲ ಅಂತ ಹೇಳಿ ಬರ್ಬೇಕು. ತಾತ ರೈಲ್ವೇಲಿ ಗ್ಯಾಂಗ್‌ಮನ್ ಆಗಿದ್ರು, ಸಕಲೇಶಪುರದಿಂದ ಕೆಳಗೆ ಘಾಟಿ ಇಳಿಯೋ ಲೈನಲ್ಲಿ, 57 ಸುರಂಗ ಇದೆಯಲ್ಲಾ ಅದೇ ಲೈನು, ಸ್ಪ್ಯಾನರು ಸುತ್ತಿಗೆ ಹೊತ್ಕೊಂಡು ಮಳೇಲಿ ಹಳಿ ಮೇಲೆ ನಡೆದೋರು. 2009ರಲ್ಲಿ ಹೋದ್ರು. ಅವತ್ತಿಂದ ಅಜ್ಜಿಗೆ ಫ್ಯಾಮಿಲಿ ಪೆನ್ಷನ್ ಬರುತ್ತೆ. ವರ್ಷಕ್ಕೊಂದ್ಸಲ ಲೈಫ್ ಸರ್ಟಿಫಿಕೇಟ್ ಕೊಡ್ಬೇಕು, ಕೊಡದಿದ್ರೆ ಪೆನ್ಷನ್ ನಿಲ್ಲಿಸ್ತಾರೆ, ಆಮೇಲೆ ಕೊಟ್ರೆ ಬಾಕಿ ಸೇರಿಸಿ ಕೊಡ್ತಾರೆ ಅನ್ನೋದು ಬೇರೆ ಮಾತು, ಆದ್ರೆ ಆ ಮಧ್ಯದ ತಿಂಗಳಲ್ಲಿ ಮಾತ್ರೆ ಯಾರು ತಂದ್ಕೊಡ್ತಾರೆ.

ಇಷ್ಟು ವರ್ಷ ಬ್ಯಾಂಕಲ್ಲಿ ಪೇಪರ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿ ಬರ್ತಿದ್ಲು. ಹೋದ್ಸಲ ಅಲ್ಲೇ ಬೆರಳಚ್ಚಿನ ಮಿಷನ್ನಲ್ಲಿ ಮಾಡೋಣ ಅಂತ ಕೂರಿಸಿದ್ರಂತೆ, ಹತ್ತೂ ಬೆರಳು ಇಟ್ರೂ ತಗೊಳ್ಲಿಲ್ಲ. ತಗೊಳ್ಳೋದಾದ್ರೂ ಎಂಗೆ, ಐವತ್ತು ವರ್ಷ ಕಾಫಿ ಕುಯ್ದು, ಬೂದೀಲಿ ಪಾತ್ರೆ ತಿಕ್ಕಿ, ಬೆರಳ ಮೇಲಿನ ಗೆರೆ ಎಲ್ಲಾ ಸವೆದು ನುಣ್ಣಗಾಗಿದೆ. ನೀವೇ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ, ಹೊಳೆಕಲ್ಲು ಮುಟ್ಟಿದಂಗೆ. ಕೊನೆಗೆ ಮತ್ತೆ ಪೇಪರ್ ಫಾರಂಗೇ ಬಂದಿತ್ತು ಕಥೆ. ಈ ಸಲ ಮೊಣಕಾಲು ನೋವು ಬೇರೆ, ಬಸ್ ಹತ್ತೋಕಾಗಲ್ಲ. ನಾನು ಬೆಂಗಳೂರಿಂದ ದೊಡ್ಡ ಬುದ್ಧಿವಂತನ ಥರ ಫೋನ್ ಮಾಡಿ, ಅಜ್ಜಿ ನೀನೆಲ್ಲೂ ಹೋಗ್ಬೇಡ, ಶನಿವಾರ ಬರ್ತೀನಿ, ಮುಖ ತೋರಿಸಿದ್ರೆ ಸಾಕು ಮೊಬೈಲಲ್ಲೇ ಐದು ನಿಮಿಷದ ಕೆಲಸ ಅಂದೆ.

ಐದು ನಿಮಿಷ ಅಂದ ಬಾಯಿಗೆ ಏನಾದ್ರೂ ಹಾಕ್ಬೇಕು.

ಇದಕ್ಕೆ ಎರಡು ಆ್ಯಪ್ ಬೇಕು, ಒಂದು ಆನ್‌ಲೈನಲ್ಲಿ ಲೈಫ್ ಸರ್ಟಿಫಿಕೇಟ್ ಮಾಡಿಕೊಡೋ ಸರ್ಕಾರದ ಜೀವನ್ ಪ್ರಮಾಣ್ ಅವರದ್ದು, ಇನ್ನೊಂದು ಆಧಾರ್‌ನವರ `AadhaarFaceRD`. ಈ ಎರಡನೇದು ಹಾಕ್ಕೊಂಡ್ಮೇಲೆ ಫೋನಲ್ಲಿ ಎಲ್ಲೂ ಕಾಣಲ್ಲ, ಐಕಾನ್ನೇ ಇಲ್ಲ, ಹಿಂದೆ ಇದ್ಕೊಂಡು ಕೆಲಸ ಮಾಡುತ್ತೆ. ನಾನು ಇನ್‌ಸ್ಟಾಲ್ ಆಗಿಲ್ಲ ಅಂದ್ಕೊಂಡು ಮೂರು ಸಲ ತೆಗೆದು ಹಾಕಿದೆ. ನಮ್ಮ ಮನೇಲಿ ಸಿಗ್ನಲ್ ಸಿಗೋದು ಕಾಫಿ ಒಣಗಿಸೋ ಕಣದ ತುದೀಲಿ, ಹಲಸಿನ ಮರದ ಕೆಳಗೆ ಮಾತ್ರ. ಹಂಗಾಗಿ ಪ್ಲಾಸ್ಟಿಕ್ ಕುರ್ಚಿ, ಪೆನ್ಷನ್ ಆದೇಶದ ನಂಬರಿರೋ ಪಿಪಿಓ ಬುಕ್ಕು, ಪಾಸ್‌ಬುಕ್ಕು, ಆಧಾರ್ ಕಾರ್ಡು, ಅಜ್ಜಿ, ಎಲ್ಲಾ ಕಣಕ್ಕೆ ಶಿಫ್ಟು. ಅಜ್ಜಿ ಮುಖ ತೊಳ್ಕೊಂಡು, ಮದುವೆಗೆ ಉಡೋ ಸೀರೆ ಉಟ್ಕೊಂಡು ಬಂದಿದ್ಲು.

ಮೊದಲನೇ ಪೇಚಾಟ ಏನಂದ್ರೆ ಆ್ಯಪ್ ಮೊದಲು ಕೇಳೋದು ಪೆನ್ಷನ್‌ದಾರರ ಮುಖ ಅಲ್ಲ, ಫಾರಂ ತುಂಬ್ತಿರೋರ ಮುಖ. ಆಪರೇಟರ್ ಅಂತಾರೆ ಅದಕ್ಕೆ. ನನ್ನ ಆಧಾರ್ ನಂಬರ್, ಮೊಬೈಲ್, ಇಮೇಲ್ ಹಾಕಿ, ಓಟಿಪಿ ಕೊಟ್ಟು, ನನ್ನ ಮುಖ ಸ್ಕ್ಯಾನ್ ಮಾಡಿಸ್ಕೊಬೇಕು. ನಾನು ಫೋನ್ ಮುಂದೆ ಕಣ್ಣು ಪಿಳಿಪಿಳಿ ಬಿಡ್ತಿದ್ದಿದ್ದು ನೋಡಿ ಅಜ್ಜಿ ಕೇಳಿದ್ಲು,

"ಲೋ ಮಗಾ, ಬದುಕಿರೋದು ನಾನೋ ನೀನೋ?"

ಆಮೇಲೆ ಅಜ್ಜಿ ಪಾಳಿ. ಆಧಾರ್ ನಂಬರ್, ಅಲ್ಲಿ ಕೊಟ್ಟ ಮೊಬೈಲ್ ನಂಬರಿಗೆ ಓಟಿಪಿ, ಅದಾದ್ಮೇಲೆ ಒಂದು ಫಾರಂ. ಹೆಸರು, ಪೆನ್ಷನ್ ಯಾವ ಥರದ್ದು, ಮಂಜೂರು ಮಾಡಿದ್ದು ಯಾರು, ಕೊಡ್ತಿರೋ ಬ್ಯಾಂಕು ಯಾವುದು, ಪಿಪಿಓ ನಂಬರ್, ಅಕೌಂಟ್ ನಂಬರ್. ನಾನು ಪಟಪಟ ಅಂತ ತುಂಬ್ತಾ ಹೋದೆ. ಎಲ್ಲಾ ಇಂಗ್ಲಿಷಲ್ಲಿತ್ತು, ಅಜ್ಜಿಗೆ ಕನ್ನಡ ಓದೋಕೂ ಬರಲ್ಲ, ಹಂಗಾಗಿ ಓದಿ ಹೇಳ್ಬೇಕು ಅಂತ ನನಗೆ ಅನ್ನಿಸ್ಲೇ ಇಲ್ಲ. ಪಿಪಿಓ ಬುಕ್ಕು ಮಡಚಿ ಮಡಚಿ ಮಧ್ಯದ ಗೆರೆಯಲ್ಲಿ ಇಂಕು ಹೋಗಿತ್ತು, ಕೊನೆ ಅಂಕಿಗಳು ನಾಲ್ಕು ಮೂರು ಸೊನ್ನೆ ಎಂಟು ಅಂತ ಕಂಡ್ವು, ಬಾಯಲ್ಲಿ ಹೇಳ್ಕೊಂಡು ಟೈಪ್ ಮಾಡಿದೆ. ಅಜ್ಜಿ ಪಕ್ಕದಿಂದ "ನಾಲ್ಕು ಎಂಟು ಕಣೋ" ಅಂದ್ಲು. ನಾನು "ಇಲ್ಲಿ ಮೂರು ಅಂತಲೇ ಇದೆ ಅಜ್ಜಿ, ನೋಡ್ಕೊಂಡೇ ಹಾಕ್ತಿದೀನಿ, ನೀನು ಸುಮ್ನಿರು" ಅಂದೆ. ಈ ಸಾಲು ನೆನಪಿಟ್ಕೊಳ್ಳಿ.

ಆಮೇಲೆ ಎರಡು ಪ್ರಶ್ನೆ ಬಂದ್ವು. ಮತ್ತೆ ಕೆಲಸಕ್ಕೆ ಸೇರಿದ್ದೀರಾ, ಮತ್ತೆ ಮದುವೆ ಆಗಿದ್ದೀರಾ. ಎರಡನೇದು ನೋಡಿ ನನಗೆ ನಗು ಬಂತು, ಇಲ್ಲ ಅಂತ ಒತ್ತಿ ಮುಂದೆ ಹೋದೆ.

"ಏನದು, ಒಬ್ಬನೇ ನಕ್ಕೊಂಡು ಒತ್ತಿದ್ದು?"

"ಏನಿಲ್ಲ ಬಿಡಜ್ಜಿ."

"ಏನಿಲ್ಲದಿದ್ರೆ ಕೇಳ್ತಿತ್ತಾ ಅದು? ಓದು."

ಓದಿದೆ. ಅಜ್ಜಿ ನಗ್ತಾಳೆ ಅಂದ್ಕೊಂಡಿದ್ದೆ. ನಗಲಿಲ್ಲ. ಸ್ವಲ್ಪ ಹೊತ್ತು ಕಣದಲ್ಲಿ ಹರಡಿದ್ದ ಕಾಫಿ ಹಣ್ಣು ನೋಡ್ತಾ ಕೂತಿದ್ಲು. ಆಮೇಲೆ, "ಬ್ಯಾಂಕಲ್ಲೂ ಕೇಳ್ತಾರೆ. ಹದಿನೈದು ವರ್ಷದಿಂದ ಪ್ರತಿ ಸಲ ಕೇಳ್ತಾರೆ. ನಾನೇ ಇಲ್ಲ ಅಂತೀನಿ. ಅದನ್ನ ನೀನ್ಯಾಕ್ಲಾ ಹೇಳ್ತೀಯ? ಹಿಂದಕ್ಕೆ ಹೋಗು" ಅಂದ್ಲು.

ನಾನು ಹಿಂದಕ್ಕೆ ಹೋದೆ. ಎಲ್ಲಿ ಅಂತ ತೋರಿಸಿದೆ. ಸವೆದ ಬೆರಳಲ್ಲಿ ಅಜ್ಜಿ ಒತ್ತಿದ್ಲು, ಮೊದಲ್ನೇ ಸಲ ಹೌದು ಅನ್ನೋದರ ಮೇಲೇ ಬಿತ್ತು, ಆಗ ಮಾತ್ರ ಇಬ್ರೂ ನಕ್ವಿ. ತಮಾಷೆ ಬಿಡಿ, ಇದು ಸಣ್ಣ ತಪ್ಪಲ್ಲ. ಮರುಮದುವೆ ಆದೋರು, ಮತ್ತೆ ಕೆಲಸಕ್ಕೆ ಸೇರಿದೋರು ಈ ಆನ್‌ಲೈನ್ ಸರ್ಟಿಫಿಕೇಟ್ ತಗೊಳ್ಳೋಕೇ ಬರಲ್ಲ, ಅವರು ಹಳೇ ಥರ ಪೇಪರಲ್ಲೇ ಕೊಡ್ಬೇಕು. ಅಂದ್ರೆ ಗಡಿಬಿಡೀಲಿ ಬೆರಳು ಒಂಚೂರು ಜಾರಿದ್ರೆ ಎಪ್ಪತ್ತೊಂಬತ್ತರ ಅಜ್ಜಿಗೆ ಸರ್ಕಾರದ ಪ್ರಕಾರ ಹೊಸ ಗಂಡ.

ಮುಖ ಸ್ಕ್ಯಾನಿಂಗು ಇನ್ನೊಂದು ಪುರಾಣ. ಅಜ್ಜಿ ಬೆನ್ನ ಹಿಂದೆ ಬಿಸಿಲು, ಮುಖ ಕಪ್ಪಗೆ ಬರ್ತಿತ್ತು, ಗುಂಡಗಿನ ಗೆರೆ ಕೆಂಪಲ್ಲೇ ನಿಂತಿತ್ತು. ಕುರ್ಚಿ ತಿರುಗಿಸಿ ಬೆಳಕಿಗೆ ಮುಖ ಮಾಡಿದ್ರೆ ಕಣ್ಣು ಕಿರಿದು ಮಾಡ್ತಾಳೆ. ಮರದ ನೆರಳಿಗೆ ತಂದು ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸು ಅಂದೆ. ಇದು ಫೋಟೋ ಅಲ್ಲ, ಕಣ್ಣು ಮಿಟುಕಿಸಿದ್ರೇನೇ ಎದುರಿಗಿರೋದು ಜೀವ ಇರೋ ಮನುಷ್ಯ, ಹಾಳೆ ಮೇಲಿನ ಚಿತ್ರ ಅಲ್ಲ ಅಂತ ಅದಕ್ಕೆ ಗೊತ್ತಾಗೋದು. ಅಜ್ಜಿ ಮಾತ್ರ ಸ್ಟುಡಿಯೋದಲ್ಲಿ ಕೂತಂಗೆ ಉಸಿರು ಬಿಗಿಹಿಡಿದು ರೆಪ್ಪೆ ಅಲ್ಲಾಡಿಸ್ದೆ ಕೂತಿದ್ಲು, ಯಾಕಂದ್ರೆ ಅವಳ ಜೀವಮಾನದಲ್ಲಿ ಕ್ಯಾಮೆರಾ ಹಿಡ್ಕೊಂಡೋರೆಲ್ಲಾ ಹೇಳಿದ್ದು ಅಲ್ಲಾಡ್ಬೇಡಿ ಅಂತ. ನಾಲ್ಕನೇ ಸಲ ಒಂದು ನೊಣ ಬಂದು ಮೂಗಿನ ಮೇಲೆ ಕೂತ್ಕೊಳ್ತು. ಅಜ್ಜಿ ಕಣ್ಣು ಮಿಟುಕಿಸಿದ್ಲು, ಗೆರೆ ಹಸಿರಾಯ್ತು.

ಸರ್ಟಿಫಿಕೇಟಿನ ನಂಬರು, ಅದೇ ಪ್ರಮಾಣ್ ಐಡಿ ಬಂತು, ಎಸ್ಸೆಮ್ಮೆಸ್ ಬಂತು. ನಾನು ಮೀಸೆ ತಿರುವಿ ಕೋಳಿ ಸಾರು ಉಂಡು ಬೆಂಗಳೂರಿಗೆ ಬಂದೆ.

ಹತ್ತು ದಿನ ಆದ್ಮೇಲೆ ಚಿಕ್ಕಪ್ಪ ಬ್ಯಾಂಕಿಗೆ ಹೋದಾಗ ಸುಮ್ನೆ ವಿಚಾರಿಸಿದ್ರಂತೆ, ರಿಜೆಕ್ಟ್ ಆಗಿದೆ ಅಂದ್ರು. ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರ್ಲಿಲ್ಲ. ಐಡಿ ಬಂದ ತಕ್ಷಣ ಕೆಲಸ ಮುಗೀತು ಅಂತಲ್ಲ. ಮುಖ ಈ ಆಧಾರ್‌ದೇ ಅಂತ ಹೇಳಿದ್ದಷ್ಟೇ ಅದು. ನೀವು ಟೈಪ್ ಮಾಡಿದ ಪಿಪಿಓ ನಂಬರು, ಅಕೌಂಟು ತಮ್ಮ ದಾಖಲೆಗೆ ಹೊಂದುತ್ತಾ ಅಂತ ನೋಡಿ ಒಪ್ಪೋದು ಬಿಡೋದು ಪೆನ್ಷನ್ ಕೊಡೋರು. ತಪ್ಪಿದ್ರೆ ಆ ಐಡಿ ತಿದ್ದೋಕೆ ಬರಲ್ಲ, ಸರಿಯಾದ ವಿವರ ಹಾಕಿ ಮತ್ತೆ ಹೊಸದಾಗಿ ಮಾಡ್ಬೇಕು. ಹಂಗಾಗಿ ಮಾಡಿಸಿದೋರು ತಿಂಗಳು ಮುಗಿಯೋದ್ರೊಳಗೆ ಒಪ್ಪಿದ್ದಾರಾ ಅಂತ ಒಂದ್ಸಲ jeevanpramaan.gov.in ಅಲ್ಲೋ ಬ್ಯಾಂಕಲ್ಲೋ ನೋಡ್ಕೊಳ್ಳಿ.

ತಪ್ಪಿದ್ದು ಯಾವುದು ಅಂತೀರಾ? ಮೂರು ಅಲ್ಲ, ಎಂಟು.

ಅಜ್ಜಿಗೆ ಆ ನಂಬರ್ ಪೂರ್ತಿ ಬಾಯಿಪಾಠ. ಅಕ್ಷರ ಬರಲ್ಲ, ಆದ್ರೆ ಪ್ರತಿ ನವೆಂಬರ್‌ನಲ್ಲಿ ಕೌಂಟರ್ ಆಚೆ ಕೂತೋರು ಜೋರಾಗಿ ಓದ್ತಿದ್ರಲ್ಲಾ, ಹಂಗೆ ಕೇಳಿ ಕೇಳಿ ಮಗ್ಗಿ ಥರ ಬಂದ್ಬಿಟ್ಟಿದೆ. ಅವಳು ಹೇಳಿದ್ಲು, ನಾನು ಸುಮ್ನಿರು ಅಂದೆ. ಓದಿದೋನು ನಾನಲ್ವಾ.

ನನ್ನ ಅಭಿಪ್ರಾಯ ಕೇಳಿದ್ರೆ, ಆ್ಯಪ್ ಮೇಲೆ ನನಗೆ ಸಿಟ್ಟು ಕಮ್ಮಿ, ಕನ್ನಡದಲ್ಲಿ ಅದೇ ಫಾರಂ ಕಣ್ಮುಂದೆ ಇದ್ದಿದ್ರೆ ಚೆನ್ನಾಗಿತ್ತು ಅಷ್ಟೇ. ಸಿಟ್ಟು ಬಂದಿದ್ದು ನನ್ನ ಮೇಲೆ. ಕೌಂಟರಲ್ಲಿ ಕೂತೋರು ಎಷ್ಟೇ ಗದರಿದ್ರೂ ಪ್ರಶ್ನೆ ಕೇಳಿ ಅವಳ ಬಾಯಿಂದ ಉತ್ತರ ಪಡೀತಿದ್ರು. ನಾನು ಪ್ರೀತಿಯಿಂದ ಕೂರಿಸಿ ಅವಳ ಮುಖ ಮಾತ್ರ ತಗೊಂಡೆ. ಮನೆ ಮಕ್ಕಳು ಫಾರಂ ತುಂಬ್ತಾರಲ್ಲಾ, ಸುಮಾರು ಜನ ಮಾಡೋದು ಹಿಂಗೇ, ಇಲ್ಲ ಅಂತ ಎದೆ ಮುಟ್ಕೊಂಡು ಹೇಳಿ.

ಮುಂದಿನ ಭಾನುವಾರ ಮತ್ತೆ ಹೋದೆ. ಮನೆಗೇ ಬರೋ ಪೋಸ್ಟ್‌ಮ್ಯಾನ್ ಹತ್ರನೂ ಮಾಡಿಸ್ಬೋದು, 70 ರೂಪಾಯಿ ತಗೋತಾರೆ, ಆದ್ರೆ ಅಜ್ಜಿ "ಕೆಡಿಸಿದೋನೇ ಸರಿ ಮಾಡ್ಲಿ" ಅಂದ್ಲು. ಅದೇ ಕಣ, ಅದೇ ಮರ. ಈ ಸಲ ಒಂದೊಂದೂ ಓದಿ, ಕನ್ನಡದಲ್ಲಿ ಹೇಳಿ, ಅವಳು ಹೂಂ ಅಂದ್ಮೇಲೆ ಒತ್ತಿದ್ದು. ನಂಬರು ಅವಳು ಹೇಳ್ತಾ ಹೋದ್ಲು, ನಾನು ಕ್ಲರ್ಕ್ ಥರ ಹಾಕ್ತಾ ಹೋದೆ. ಮದುವೆ ಪ್ರಶ್ನೆ ಬಂದಾಗ ಫೋನ್ ಅವಳ ಕೈಗೆ ಕೊಟ್ಟೆ. ಮುಕ್ಕಾಲು ಗಂಟೆ ಹಿಡೀತು. ನೊಣ ಬರ್ಲಿಲ್ಲ, ಬೇಕೂ ಆಗ್ಲಿಲ್ಲ.

ಒಪ್ಕೊಂಡಿದ್ದಾರೆ ಅಂತ ಗೊತ್ತಾದ್ಮೇಲೆ ಅಜ್ಜಿ "ಎಲ್ಲಿ ಸರ್ಟಿಫಿಕೇಟು" ಅಂದ್ಲು. ಆನ್‌ಲೈನಲ್ಲಿದೆ ಅಂದ್ರೆ ಒಪ್ಪಲಿಲ್ಲ. ಪೇಟೇಲಿ ಪ್ರಿಂಟ್ ತೆಗೆಸಿ ತಂದ್ಕೊಟ್ಟೆ, ಮಡಚಿ ತಾತನ ಪಿಪಿಓ ಬುಕ್ಕೊಳಗೆ ಇಟ್ಕೊಂಡ್ಲು, ಆ ಇಂಕು ಹೋದ ಗೆರೆ ಮೇಲೇ. ಬರೋ ಜನವರಿಗೆ ದಾಖಲೆ ಪ್ರಕಾರ ಎಂಬತ್ತು ತುಂಬುತ್ತೆ (ಅವಳ ಲೆಕ್ಕದಲ್ಲಿ ಎಂಬತ್ತನಾಲ್ಕು, ಆಧಾರ್ ಮಾಡಿಸುವಾಗ ಎಲ್ಲರಿಗೂ ಜನವರಿ ಒಂದೇ ಹುಟ್ಟಿದ ದಿನ), ಆಗ ಮೂಲ ಪೆನ್ಷನ್ ಮೇಲೆ 20 ಪರ್ಸೆಂಟ್ ಜಾಸ್ತಿ ಬರುತ್ತೆ, ಮತ್ತೆ ಎಂಬತ್ತು ದಾಟಿದೋರು ಸರ್ಟಿಫಿಕೇಟನ್ನ ಅಕ್ಟೋಬರ್ ಒಂದರಿಂದಲೇ ಕೊಡ್ಬೋದು ಅಂತ ಹೇಳಿದೆ. 20 ಪರ್ಸೆಂಟ್ ಅಂದ್ರೆ ಎಷ್ಟು ರೂಪಾಯಿ ಅಂತ ಬಾಯಲ್ಲೇ ಲೆಕ್ಕ ಹಾಕಿದ್ಲು.

"ಹಂಗಾದ್ರೆ ಅಕ್ಟೋಬರ್‌ಗೇ ಬಾ. ನವೆಂಬರ್‌ನಲ್ಲಿ ಕಾಫಿ ಕುಯ್ಲು, ನಂಗೆ ಪುರುಸೊತ್ತಿರಲ್ಲ."