ಸೀಟಿನ ಕೆಳಗಿನ ಆ ದರಿದ್ರ ಪ್ಲಗ್ಗು

ಅಲ್ಲಾ ಕಣ್ರೀ, ಅಷ್ಟು ದುಡ್ಡು ಕಿತ್ಕೊಂಡು ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಒಂಬತ್ತು ಗಂಟೆ ವಿಮಾನದಲ್ಲಿ ಕೂರಿಸ್ತೀರ, ಒಂದು ಫೋನಿಗೆ ಕರೆಂಟ್ ಕೊಡೋಕಾಗಲ್ವಾ?

ನಾನು ಹತ್ತಿದಾಗ ಬ್ಯಾಟರಿ ಶೇ. 30. ಟಿಕೆಟ್‌ನಲ್ಲಿ 'ಸೀಟಲ್ಲೇ ಪವರ್ ಉಂಟು' ಅಂತ ಬರೆದಿತ್ತಲ್ಲ, ಅದನ್ನ ನಂಬ್ಕೊಂಡಿದ್ದೆ. ಸೀಟಿನ ಕೆಳಗೆ ಕೈಯಾಡಿಸಿದರೆ ಪ್ಲಗ್ ಪಾಯಿಂಟ್ ಸಿಕ್ತು. ಆದರೆ ಎಷ್ಟು ಜನ ಚುಚ್ಚಿ ಕಿತ್ತಿದಾರೋ, ತೂತೆಲ್ಲ ಲೊಡ್ಡಾಗಿ, ನನ್ನ ದಪ್ಪ ಚಾರ್ಜರ್ ಅದರ ಭಾರಕ್ಕೇ ಜಾರಿ ಬೀಳ್ತಿತ್ತು. ಪಕ್ಕದ ಹುಡುಗನದು ಬೆರಳುದ್ದದ, ಚಪ್ಪಟೆ ಕಡ್ಡಿಯ ಹಗುರ ಚಾರ್ಜರ್, ಗಟ್ಟಿಯಾಗಿ ಕೂತಿತ್ತು. ನಮ್ಮ ಗುಂಡು ಪಿನ್ನಿಗೆ ಆ ಭಾಗ್ಯ ಇಲ್ಲ.

ಸರಿ, ಸ್ಕ್ರೀನ್ ಕೆಳಗಿನ ಯುಎಸ್‌ಬಿಗೆ ಹಾಕ್ದೆ. ಮಿಂಚಿನ ಗುರುತು ಬಂತು, ಖುಷಿಯಾಯ್ತು. ನಾಲ್ಕು ಗಂಟೆ ಆದ್ಮೇಲೆ ನೋಡಿದ್ರೆ 33! ಹಳೇ ಕಾಲದ ಆ ತೂತಲ್ಲಿ ಬರೋದು 5 ವೋಲ್ಟ್, ಅರ್ಧ ಆಂಪಿಯರ್, ಅಂದ್ರೆ ಎರಡೂವರೆ ವಾಟ್. ನನ್ನ 5000 ಎಂಎಎಚ್ ಬ್ಯಾಟರಿ ತುಂಬೋಕೆ ಸುಮಾರು 19 ವಾಟ್-ಗಂಟೆ ಬೇಕು. ಫೋನನ್ನ ಮುಟ್ಟದೆ ಇಟ್ರೂ, ದಾರೀಲಿ ಬಿಸಿಯಾಗಿ ಪೋಲಾಗೋದೂ ಸೇರಿ, ಖಾಲಿಯಿಂದ ಪೂರ್ತಿ ತುಂಬೋಕೆ ಎಂಟು ಗಂಟೆ ಮೇಲಾಗುತ್ತೆ. ನಾನೋ ಅದನ್ನ ಚುಚ್ಕೊಂಡೇ ಫುಲ್ ಬ್ರೈಟ್‌ನೆಸ್‌ನಲ್ಲಿ ಸಿನಿಮಾ ನೋಡ್ತಿದ್ದೆ, ಬಂದಿದ್ದೆಲ್ಲ ಅಲ್ಲೇ ಖರ್ಚು. ಸಾಲದ್ದಕ್ಕೆ ಮೊದಲ ಒಂದು ಗಂಟೆ ಫ್ಲೈಟ್ ಮೋಡ್ ಹಾಕೋದೇ ಮರೆತಿದ್ದೆ. ಮೇಲೆ ಟವರ್ ಎಲ್ಲಿಂದ ಬರಬೇಕು, ಅದು ಹುಡುಕಿ ಹುಡುಕಿ ಬಿಸಿಯಾಗಿತ್ತು. (ಫ್ಲೈಟ್ ಮೋಡ್ ಹಾಕಿದ್ಮೇಲೂ ವೈಫೈ ಬೇರೆ ಆನ್ ಮಾಡ್ಕೋಬಹುದು ಅನ್ನೋದು ಆ ಹುಡುಗ ಹೇಳಿದ್ಮೇಲೇ ಗೊತ್ತಾಗಿದ್ದು.)

ಫೋನಲ್ಲಿ ಯಾಕೆ ಸಿನಿಮಾ ಅಂತೀರಾ? ಎದುರಿನ ಸ್ಕ್ರೀನ್ ಮ್ಯಾಪ್ ತೋರಿಸ್ತಾ ಹಾಗೇ ಹೆಪ್ಪುಗಟ್ಟಿತ್ತಲ್ಲ! ಗಗನಸಖಿಯವರಿಗೆ ಹೇಳಿದೆ, ರೀಸೆಟ್ ಮಾಡಿದ್ರು. ಸ್ಕ್ರೀನೂ ಬರಲಿಲ್ಲ, ಅದರ ಜೊತೆ ಯುಎಸ್‌ಬಿಗಿದ್ದ ಜೀವವೂ ಹೋಯ್ತು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇತ್ತು, ತೆಗೆದ್ರೆ 'ಸರ್, ವಿಮಾನದೊಳಗೆ ಬಳಸೋ ಹಾಗಿಲ್ಲ'. ಬೆಂಕಿಯ ಭಯ, ಒಪ್ಪೋಣ. ಹಾಗಾದ್ರೆ ನಿಮ್ಮ ಪ್ಲಗ್ಗಾದ್ರೂ ನೆಟ್ಟಗಿರಬೇಕಲ್ವಾ?

ವೈಫೈಗೂ ದುಡ್ಡು ಕೊಟ್ಟೆ, ನಮ್ಮನೆಯವಳಿಗೆ 'ಹೊರಟಿದೀನಿ' ಅಂತ ಒಂದು ಮೆಸೇಜ್ ಹೋಗಿದ್ದಷ್ಟೇ ಲಾಭ.

ಇಳಿದಾಗ ಶೇ. 6. ಮೈಸೂರಿನ ಫ್ಲೈಬಸ್ ಟಿಕೆಟ್ ಅದರೊಳಗೆ. ಲಗೇಜ್ ಬರೋಷ್ಟರಲ್ಲಿ ಫೋನು ಕಣ್ಮುಚ್ಚಿತು. ರಾತ್ರಿ ಎರಡು ಗಂಟೆಲಿ, ಈ ವಯಸ್ಸಲ್ಲಿ, ಕಂಬದ ಬುಡದಲ್ಲಿ ನೆಲಕ್ಕೆ ಕೂತು ಪವರ್ ಬ್ಯಾಂಕ್ ಚುಚ್ಚಿಕೊಂಡು ಕಾಯ್ತಿದ್ದೆ. ಅದು ಆನ್ ಆಗಿ ಟಿಕೆಟ್ ತೆರೆಯೋಷ್ಟರಲ್ಲಿ ನನ್ನ ಬಸ್ಸು ಹೊರಟುಹೋಗಿತ್ತು.