ಸಂಗಾತಿಯ ಜೊತೆಗಿದ್ದಾಗ ಬೇರೊಬ್ಬರು ಕಲ್ಪನೆಗೆ ಬಂದರೆ

ಮದುವೆಯಾಗಿ ಹತ್ತು ವರ್ಷವಾದ ಹೆಂಗಸು ಅಂದುಕೊಳ್ಳಿ. ಗಂಡನ ಮೇಲೆ ಪ್ರೀತಿಯಿದೆ. ಆದರೂ ಅವನ ಜೊತೆ ಕೂಡಿದಾಗ ಆಫೀಸಿನ ಸಹೋದ್ಯೋಗಿಯೊಬ್ಬ ಕಲ್ಪನೆಗೆ ಬರುತ್ತಾನೆ, ಅದರಿಂದ ಸುಖವೂ ಆಗುತ್ತದೆ. ಮರುದಿನ ಬೆಳಗಾದರೆ ಒಂದೇ ಕೊರೆತ: 'ನಾನು ಕೆಟ್ಟವಳಾ? ಗಂಡನಿಗೆ ಮೋಸ ಮಾಡ್ತಿದ್ದೀನಾ?'

ಇದು ಎಷ್ಟು ಮಾಮೂಲು ಅನ್ನೋದನ್ನು ಮೊದಲು ಹೇಳಿಬಿಡಬೇಕು. ಅಮೆರಿಕದ ಸಂಶೋಧಕರಾದ ಹಿಕ್ಸ್ ಮತ್ತು ಲೈಟನ್‌ಬರ್ಗ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿ ಇರುವವರ ಪೈಕಿ 98% ಗಂಡಸರು, 80% ಹೆಂಗಸರು ಹಿಂದಿನ ಎರಡು ತಿಂಗಳಲ್ಲಿ ಬೇರೊಬ್ಬರನ್ನು ಕಲ್ಪಿಸಿಕೊಂಡಿದ್ದಾಗಿ ಹೇಳಿದ್ದರು. ಕೆನಡಾದ ಕ್ವೆಬೆಕ್‌ನಲ್ಲಿ ಸುಮಾರು 1,500 ವಯಸ್ಕರ ಮುಂದೆ 55 ಬಗೆಯ ಲೈಂಗಿಕ ಕಲ್ಪನೆಗಳ ಪಟ್ಟಿ ಇಟ್ಟು ಕೇಳಿದಾಗ, ತೀರಾ ಅಪರೂಪ ಅನ್ನಿಸಿದ್ದು ಎರಡೇ ಎರಡು. ಅಲ್ಲೇ ಇನ್ನೊಂದು ಸಂಗತಿಯೂ ಗೊತ್ತಾಯಿತು: ಅಧೀನರಾಗುವ ಕಲ್ಪನೆಯಿದ್ದ ಹೆಂಗಸರಲ್ಲಿ ಅನೇಕರು, ನಿಜ ಜೀವನದಲ್ಲಿ ಅದು ತಮಗೆ ಬೇಡವೇ ಬೇಡ ಎಂದಿದ್ದರು. ಕಲ್ಪನೆಯೊಳಗೆ ಎಲ್ಲವೂ ನಮ್ಮ ಹಿಡಿತದಲ್ಲಿರುತ್ತದೆ, ಬೇಡವಾದ ಕ್ಷಣ ನಿಲ್ಲಿಸಬಹುದು. ಹಾಗಾಗಿ ಅಲ್ಲಿ ಹಿತವಾದದ್ದು ಹೊರಗೂ ಬೇಕಾಗಿದೆ ಎಂದು ಅರ್ಥವಲ್ಲ.

ತೊಂದರೆ ಶುರುವಾಗುವುದು ಕಲ್ಪನೆಯಿಂದಲ್ಲ, ಅದನ್ನು ಅದುಮುವುದರಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರ ಒಂದು ಪ್ರಯೋಗದಲ್ಲಿ ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ ಎಂದರು. ಅವರಿಗೆ ಅದು ಬರುತ್ತಲೇ ಇತ್ತು. ಆಮೇಲೆ 'ಈಗ ನೆನೆಯಿರಿ' ಎಂದಾಗ, ಮೊದಲಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಹೆಚ್ಚು ಬಂತು. ಆ ಹೆಂಗಸಿನದೂ ಅದೇ ಪಾಡು. ಸಹೋದ್ಯೋಗಿಯನ್ನು ಕಂಡರೆ ದಾರಿ ಬದಲಿಸುತ್ತಾಳೆ, ಎದುರಾದಾಗ 'ಈಗ ಏನಾದರೂ ಅನ್ನಿಸಿತಾ' ಎಂದು ಮೈಯನ್ನೇ ಪರೀಕ್ಷಿಸುತ್ತಾಳೆ. ಹಾಗೆ ಹುಡುಕುತ್ತಾ ಹೋದರೆ ಏನಾದರೊಂದು ಅನ್ನಿಸಿಯೇ ಅನ್ನಿಸುತ್ತದೆ, ಅದೇ ಅವಳಿಗೆ ಸಾಕ್ಷಿಯಾಗುತ್ತದೆ.

ಮಾಡಬೇಕಾದ್ದು ಇದರ ತದ್ವಿರುದ್ಧ. ಬಂದಾಗ 'ಇದೊಂದು ಕಲ್ಪನೆ' ಎಂದು ಗುರುತಿಸಿ, ವಾದಕ್ಕಿಳಿಯದೆ, ಗಮನವನ್ನು ಮೆಲ್ಲಗೆ ಸ್ಪರ್ಶಕ್ಕೆ, ಉಸಿರಿಗೆ ತರುವುದು. ದಾರಿ ಬದಲಿಸುವುದನ್ನೂ ಮೈ ಪರೀಕ್ಷಿಸುವುದನ್ನೂ ನಿಲ್ಲಿಸುವುದು. ಮೊದಮೊದಲು ಆತಂಕ ಏರುತ್ತದೆ, ಹೆದರಬೇಡಿ, ತಾನಾಗಿ ಇಳಿಯುತ್ತದೆ. ಮನಸ್ಸು ಹಗುರಾಗಲಿ ಎಂದು ಗಂಡನ ಮುಂದೆ ಆ ವ್ಯಕ್ತಿಯ ಹೆಸರು ಹೇಳಿ ತಪ್ಪೊಪ್ಪಿಕೊಳ್ಳಬೇಕಿಲ್ಲ. ನೋವು ಅವನಿಗೆ ದಾಟುತ್ತದೆ, ಇವಳ ಸಮಾಧಾನ ಎರಡು ದಿನಕ್ಕೆ ಮುಗಿಯುತ್ತದೆ.

ಇನ್ನೊಂದು ಬಗೆಯಿದೆ. ಸುಖವೇ ಇಲ್ಲದೆ, ಅಸಹ್ಯ ಹುಟ್ಟಿಸುತ್ತಾ, ಬೇಡವೆಂದರೂ ನುಗ್ಗಿ ದಿನದ ಗಂಟೆಗಟ್ಟಲೆ ತಿನ್ನುವ ಲೈಂಗಿಕ ಯೋಚನೆಗಳು. ಇದು ಒಸಿಡಿ ಎಂಬ ಗೀಳು ಕಾಯಿಲೆ ಇರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಒಪ್ಪಿಗೆ ಇಲ್ಲದವರ ಮೇಲೆ ಅಥವಾ ಮಕ್ಕಳ ಮೇಲೆ ಕೈಹಾಕುವ ಸೆಳೆತ ಕಂಡರಂತೂ ಕಾಯದೆ ಮನೋವೈದ್ಯರನ್ನು ಕಾಣಬೇಕು. ಎಲ್ಲಿಂದ ಶುರುಮಾಡುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.