ಕರ್ಚೀಫ್ ಹಾಕಿದ ಸೀಟು

ಮೈಸೂರಿನ ಸಬರ್ಬ್ ಬಸ್ ನಿಲ್ದಾಣದಲ್ಲಿ ಮಂಡ್ಯದ ಬಸ್ಸಿಗೆ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದವರಿಗೆ ನಾನು ಈಗ ಹೇಳುವುದು ಬೇಗ ಅರ್ಥವಾಗುತ್ತದೆ. ಕರ್ಚೀಫ್ ಹಾಕಿದವನು ಬಾಗಿಲಿನಿಂದ ಹತ್ತಿ ಬರುವವರೆಗೆ ಆ ಸೀಟು ಅವನದು. ಅವನು ಬಾರದೆ ಬಸ್ಸು ಹೊರಟರೆ ಕರ್ಚೀಫ್ ಎತ್ತಿ ಪಕ್ಕಕ್ಕಿಟ್ಟು ಯಾರಾದರೂ ಕೂರುತ್ತಾರೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ನಡೆಯುತ್ತದೆ. ಮಗಳ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಮೊಬೈಲಿನಲ್ಲಿ ಸೀಟು ಕಾಯ್ದಿರಿಸುವ ವ್ಯವಸ್ಥೆ ಮಾಡಿದಾಗ ನಾವು ಮರೆತದ್ದು ಇದನ್ನೇ.

ಕಳೆದ ವರ್ಷ ಪೋಷಕರ ಸಮಿತಿಯಲ್ಲಿ ಈ ಕೆಲಸ ನನ್ನ ತಲೆಗೆ ಬಿತ್ತು. ಬಾಡಿಗೆ ಸಭಾಂಗಣದಲ್ಲಿ 18 ಸಾಲು. ಪ್ರತಿ ಸಾಲಿನಲ್ಲಿ ಎಡಕ್ಕೆ 6, ನಡುವೆ 12, ಬಲಕ್ಕೆ 6 ಕುರ್ಚಿ, ಅವುಗಳ ಮಧ್ಯೆ ಎರಡು ಓಡಾಡುವ ದಾರಿ. ಮುಂದಿನ ಎರಡು ಸಾಲು ಅತಿಥಿಗಳಿಗೆ ಹೋದರೆ ಉಳಿಯುವುದು 384. ನಾಟಕದಲ್ಲಿ 90 ಮಕ್ಕಳು. ಮಗುವಿಗೆ ನಾಲ್ಕು ಸೀಟಿನಂತೆ ಕೊಟ್ಟರೂ 360, ಇನ್ನೂ 24 ಕೈಯಲ್ಲಿರುತ್ತದೆ ಎಂದು ಕಾಗದದ ಮೇಲೆ ಗುಣಿಸಿ ನೆಮ್ಮದಿಯಾಗಿದ್ದೆ. ಪಕ್ಕದ ಮನೆಯ ಹುಡುಗ ಎರಡು ಭಾನುವಾರ ಕೂತು ಪುಟವೊಂದನ್ನು ಮಾಡಿಕೊಟ್ಟ. ಖಾಲಿ ಸೀಟು ಹಸಿರು, ಹಿಡಿದಿಟ್ಟದ್ದು ಹಳದಿ, ಖಾತ್ರಿಯಾದದ್ದು ಕೆಂಪು. ಸೀಟನ್ನು ಒತ್ತಿದರೆ ಹತ್ತು ನಿಮಿಷ ನಿಮ್ಮ ಹೆಸರಿನಲ್ಲಿ ಹಳದಿಯಾಗಿರುತ್ತದೆ, ಅಷ್ಟರಲ್ಲಿ ಮಗುವಿನ ದಾಖಲಾತಿ ಸಂಖ್ಯೆ ತುಂಬಿ ಖಾತ್ರಿ ಮಾಡಬೇಕು.

ರಾತ್ರಿ ಎಂಟಕ್ಕೆ ಪುಟ ತೆರೆಯಿತು. ಎಂಟೂ ಐದಕ್ಕೆ ನಕ್ಷೆಯಲ್ಲಿ ಹಸಿರು ಹುಡುಕಬೇಕಾಯಿತು. ಎಂಟೂ ಹತ್ತಕ್ಕೆ ನನ್ನ ಫೋನು ಬಡಿದುಕೊಳ್ಳಲು ಶುರುವಾಯಿತು: ‘ಇಷ್ಟು ಬೇಗ ಹೇಗೆ ಮುಗಿಯಿತು? ಒಳಗಿನವರಿಗೆ ಮೊದಲೇ ಕೊಟ್ಟಿರಾ?’ ಎಂಟೂಕಾಲಿಗೆ ನೋಡಿದರೆ ನಕ್ಷೆಯ ಅರ್ಧ ಮತ್ತೆ ಹಸಿರು, ಆದರೆ ಬೈದು ಫೋನು ಇಟ್ಟವರು ಮತ್ತೆ ತಿರುಗಿ ನೋಡಿರಲಿಲ್ಲ.

ಆದದ್ದು ಇಷ್ಟೇ. ಅಪ್ಪ ಕಚೇರಿಯಲ್ಲಿ ಒಂದು ಮೊಬೈಲಿನಿಂದ ನಾಲ್ಕು ಹಿಡಿದಿದ್ದಾರೆ, ಅಮ್ಮ ಮನೆಯಲ್ಲಿ ಇನ್ನೊಂದರಿಂದ ನಾಲ್ಕು. ಯಾವುದು ಚೆನ್ನಾಗಿದೆ ಎಂದು ಇಬ್ಬರೂ ಫೋನಿನಲ್ಲಿ ಚರ್ಚಿಸುವಷ್ಟು ಹೊತ್ತು ಎಂಟು ಸೀಟು ಹಳದಿ. ಕರ್ಚೀಫು ಮೊಬೈಲಿನದಾಗಿತ್ತು, ಮನೆಯದಾಗಿರಲಿಲ್ಲ. ಈ ವರ್ಷ ಸೀಟು ತೋರಿಸುವುದಕ್ಕೆ ಮೊದಲೇ ದಾಖಲಾತಿ ಸಂಖ್ಯೆ ಕೇಳಿದೆವು. ಒಂದು ಮನೆಗೆ ಒಂದೇ ಹಿಡಿತ, ಅದೇ ಮನೆಯವರು ಬೇರೆ ಕಡೆ ಒತ್ತಿದರೆ ಹಳೆಯದು ತಾನಾಗಿ ಬಿಟ್ಟುಹೋಗುತ್ತದೆ. ಹಣ ಕಟ್ಟುವ ಕೆಲಸವೇ ಇಲ್ಲದ ಮೇಲೆ ಹತ್ತು ನಿಮಿಷವೂ ಬೇಡ, ಐದು ಸಾಕು. ಪುಟದಲ್ಲಿ ಐದು ಎಂದು ತೋರಿಸಿ, ಒಳಗೆ ಆರು ನಿಮಿಷ ಕಾಯುತ್ತೇವೆ. ಕೊನೆಯ ಕ್ಷಣದಲ್ಲಿ ಒತ್ತಿದವರ ನೆಟ್‌ವರ್ಕ್ ನಿಧಾನವಾಗಿದ್ದರೆ ಸೀಟು ಕೈತಪ್ಪಬಾರದಲ್ಲ. ಗಡಿಯಾರ ಮಾತ್ರ ಸರ್ವರಿನದು. ಮೊಬೈಲಿನ ಗಡಿಯಾರವನ್ನು ಹಿಂದಿಟ್ಟುಕೊಂಡ ಯಾರಿಗೂ ಹೆಚ್ಚು ಸಮಯ ಸಿಗುವುದಿಲ್ಲ.

ಮನೆ ಎಂದರೆ ಯಾವುದು ಎಂಬುದು ನಾನು ಎಣಿಸಿದಷ್ಟು ಸುಲಭವಿರಲಿಲ್ಲ. ಅಕ್ಕ ಏಳನೇ ತರಗತಿ, ತಮ್ಮ ಎರಡನೇ ತರಗತಿ, ಇಬ್ಬರೂ ನಾಟಕದಲ್ಲಿದ್ದರೆ ಎರಡು ದಾಖಲಾತಿ ಸಂಖ್ಯೆ, ಎಂಟು ಸೀಟು. ಪೋಷಕರ ಫೋನ್ ನಂಬರಿನಿಂದ ಸೇರಿಸೋಣ ಎಂದರೆ ಅಕ್ಕನ ಅರ್ಜಿಯಲ್ಲಿ ಅಪ್ಪನ ನಂಬರ್, ತಮ್ಮನ ಅರ್ಜಿಯಲ್ಲಿ ಅಮ್ಮನದು. ಕೊನೆಗೆ ದಾರಿ ತೋರಿಸಿದ್ದು ಶಾಲೆಯ ಗುಮಾಸ್ತರು. ಒಡಹುಟ್ಟಿದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ಪುಸ್ತಕದಲ್ಲಿ ಮನೆಮನೆಯ ಮಕ್ಕಳೂ ಒಟ್ಟಿಗೇ ಇದ್ದರು. ದುಡ್ಡಿನ ಲೆಕ್ಕ ಇರುವಲ್ಲಿ ಸಂಬಂಧಗಳು ಸರಿಯಾಗಿ ದಾಖಲಾಗಿರುತ್ತವೆ.

ನನ್ನ ನಿಜವಾದ ತಪ್ಪು ಆ ಗುಣಾಕಾರದಲ್ಲಿತ್ತು. 384ನ್ನು ನಾಲ್ಕರಿಂದ ಭಾಗಿಸಿದರೆ 96 ಮನೆ ಎನ್ನುತ್ತದೆ ಗಣಿತ. ಆದರೆ ಒಂದು ಮನೆಯವರು ಅಕ್ಕಪಕ್ಕ ಕೂರಬೇಕು, ಮಧ್ಯೆ ದಾರಿ ಬರಬಾರದು. ನಡುವಿನ 12ರಲ್ಲಿ ಮೂರು ಮನೆ ಸರಿಯಾಗಿ ಹಿಡಿಯುತ್ತವೆ. ಪಕ್ಕದ 6ರಲ್ಲಿ ಒಂದೇ ಮನೆ, ಎರಡು ಕುರ್ಚಿ ಉಳಿಯುತ್ತವೆ. 16 ಸಾಲಿಗೆ ಲೆಕ್ಕ ಹಾಕಿ: ನಡುವೆ 48 ಮನೆ, ಎರಡೂ ಪಕ್ಕ ಸೇರಿ 32, ಒಟ್ಟು 80. ಮಿಕ್ಕ 64 ಕುರ್ಚಿ ಎರಡೆರಡಾಗಿ ಚದುರಿ ಕೂತಿವೆ, ನಾಲ್ಕು ಜನರ ಯಾವ ಮನೆಗೂ ಬೇಡ. ಮಗುವಿಗೊಂದು ಮನೆಯೆಂದು ಹಿಡಿದು 90 ಮನೆಗಳೂ ನಾಲ್ಕು ನಾಲ್ಕು ಕೇಳಿದರೆ ಹತ್ತು ಮನೆಯವರು ಒಡೆದು ಕೂರಲೇಬೇಕು, ಸಭಾಂಗಣದಲ್ಲಿ ಕುರ್ಚಿ ಖಾಲಿ ಇದ್ದರೂ. ಎಲ್ಲರಿಗೂ ಸಮಾನವಾಗಿ ನಾಲ್ಕು ಕೊಡುತ್ತೇವೆಂದು ಸುತ್ತೋಲೆ ಕಳುಹಿಸಿದಾಗ ಇದು ಹೊಳೆದಿರಲಿಲ್ಲ.

ಹಾಗಾಗಿ ಈ ಸಲ ನಿಜವಾಗಿ ಎಷ್ಟು ಜನ ಬರುತ್ತೀರಿ ಎಂದು ಕೇಳಿದೆವು. ಎರಡು, ಮೂರು ಎಂದವರು ಬೇಕಾದಷ್ಟಿದ್ದರು. ಮೂರರ ಎರಡು ಮನೆ, ಇಲ್ಲವೇ ನಾಲ್ಕರದೊಂದು ಎರಡರದೊಂದು ಸೇರಿದರೆ ಪಕ್ಕದ ಆರು ತುಂಬುತ್ತದೆ. ಅಜ್ಜಿ, ತಾತ, ಚಿಕ್ಕಪ್ಪ ಎಂದು ಆರು ಜನ ಕೇಳಿದ ಮನೆಗಳಿಗೆ ಪಕ್ಕದ ಇಡೀ ಆರನ್ನೂ ಕೊಟ್ಟೆವು. ಮಂಡಿ ನೋವಿನ ಅಜ್ಜಿಗೆ ದಾರಿಯ ಅಂಚಿನ ಕುರ್ಚಿ ಸಿಕ್ಕಿತು.

ಈ ವರ್ಷ ಹೆಚ್ಚು ಜಗಳವಾದದ್ದು ಸೀಟು ಆರಿಸುವ ಹಕ್ಕನ್ನು ಕಿತ್ತುಕೊಂಡಿದ್ದಕ್ಕೆ. ಈಗ ಪೋಷಕರು ಎಷ್ಟು ಜನ, ಮುಂದೆಯೋ ಹಿಂದೆಯೋ, ನಡುವೆಯೋ ಪಕ್ಕದಲ್ಲೋ ಎಂದಷ್ಟೇ ಹೇಳುತ್ತಾರೆ. ಕುರ್ಚಿಯನ್ನು ಪುಟವೇ ಕೊಡುತ್ತದೆ, ದಾರಿಯ ಅಂಚಿನಿಂದ ಒಳಕ್ಕೆ ತುಂಬುತ್ತಾ. ‘ಸಿನಿಮಾಕ್ಕೆ ಹೋದರೂ ನಮಗೆ ಬೇಕಾದ ಸೀಟು ಸಿಗುತ್ತದೆ’ ಎಂದು ಒಬ್ಬರು ಸಿಡುಕಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಡುವಿನ ಭಾಗ 7ರಿಂದ 18. ನೀವು 11ರಿಂದ 14 ಹಿಡಿದರೆ ಎರಡೂ ಕಡೆ ನಾಲ್ಕು ನಾಲ್ಕು ಉಳಿಯುತ್ತದೆ, ಸರಿ. ಒಂದೇ ಒಂದು ಕುರ್ಚಿ ಸರಿದು 12ರಿಂದ 15 ಹಿಡಿದಿರೋ, ಒಂದು ಕಡೆ ಐದು, ಇನ್ನೊಂದು ಕಡೆ ಮೂರು. ಆ ಐದರಲ್ಲಿ ನಾಲ್ಕು ಜನರ ಮನೆಯವರು ಕೂತರೆ ಒಂದು ಅನಾಥ. ಒಂಟಿ ಸೀಟು ಉಳಿಸಬಾರದೆಂಬ ನಿಯಮ ಕಳೆದ ವರ್ಷ ಹಾಕಿದ್ದೆವು, ಆದರೆ ಅದು ತಡೆದದ್ದು ನಿಮ್ಮನ್ನಲ್ಲ, ನಿಮ್ಮ ನಂತರ ಬಂದವರನ್ನು. ಪುಟ ಹಾಳಾಗಿದೆ ಎಂದು ಅವರು ನನಗೆ ಫೋನು ಮಾಡಿದರು.

ಪುಟವೇನೂ ಸರ್ವಜ್ಞನಲ್ಲ. ಈ ಸಲದ ಮೊದಲ ಪರೀಕ್ಷೆಯಲ್ಲಿ ಒಂದು ಮನೆಗೆ 5, 6, 7, 8 ಕೊಟ್ಟಿತು. ಅಂಕಿ ನೋಡಿದರೆ ಒಟ್ಟಿಗೆ, ಸಭಾಂಗಣದಲ್ಲಿ 6 ಮತ್ತು 7ರ ನಡುವೆ ದಾರಿ. ಕಾಗದದ ಪ್ರತಿ ಹಿಡಿದು ಕುರ್ಚಿಗಳ ಮಧ್ಯೆ ನಡೆದಾಗಲೇ ಗೊತ್ತಾದದ್ದು. ಅಂಕಿ ಮುಂದಿನದಾದ ಮಾತ್ರಕ್ಕೆ ಪಕ್ಕದ ಕುರ್ಚಿಯೆಂದು ನಂಬುವ ಬದಲು, ಯಾವುದರ ಪಕ್ಕ ಯಾವುದು ಎಂದು ಹುಡುಗ ಬೇರೆಯೇ ಪಟ್ಟಿ ಬರೆದ.

ಉಳಿದದ್ದು ಮುಂದಿನ ಎರಡು ಸಾಲು, 48 ಕುರ್ಚಿ. ‘ಯಾವುದಕ್ಕೂ ಇರಲಿ’ ಎಂದು ಆಡಳಿತ ಮಂಡಳಿ ಹಿಡಿದಿಟ್ಟದ್ದು. ಕಳೆದ ವರ್ಷ ಪರದೆ ಎದ್ದಾಗ ಅದರಲ್ಲಿ ಅರ್ಧ ಖಾಲಿ, ಹಿಂದೆ ಅಜ್ಜಂದಿರು ಗೋಡೆಗೊರಗಿ ನಿಂತಿದ್ದರು. ತಾಯಂದಿರಿಗೆ ಐದು ನಿಮಿಷದ ಗಡುವು, ಇವರಿಗೆ ಗಡುವೇ ಇಲ್ಲವೇ ಎಂದು ಸಭೆಯಲ್ಲಿ ಕೇಳಿದೆ. ಮುಖ್ಯೋಪಾಧ್ಯಾಯಿನಿ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪ್ರತಿ ಕುರ್ಚಿಗೂ ಬರುವವರ ಹೆಸರು ಬರೆಯಿಸಿ, ನಾಟಕಕ್ಕೆ ಹದಿನೈದು ನಿಮಿಷ ಮೊದಲು ಬಾರದವರದ್ದನ್ನು ಬಿಟ್ಟುಬಿಡಿ’ ಎಂದರು. ಹೆಸರು ಬರೆಯಿಸಲು ಹೋದಾಗಲೇ 48ರಲ್ಲಿ 19ಕ್ಕೆ ಹೆಸರೇ ಇರಲಿಲ್ಲ.

ನಾಟಕ ಆರೂವರೆಗೆ. ಆರೂಕಾಲಿಗೆ ಬಾಗಿಲ ಬಳಿ ಪಟ್ಟಿ ಹಿಡಿದಿದ್ದ ಶಿಕ್ಷಕಿ ಎರಡನೇ ಸಾಲಿನ ಎಂಟು ಕುರ್ಚಿ ಬಿಟ್ಟುಕೊಟ್ಟರು. ಆರೂ ಮೂವತ್ತೈದಕ್ಕೆ ಮಂಡಳಿಯ ಸದಸ್ಯರೊಬ್ಬರು ಬಂದರು. ಅವರ ಕುರ್ಚಿಯಲ್ಲಿ ಪಾಂಡವಪುರದಿಂದ ಬಂದ ಅಜ್ಜಿಯೊಬ್ಬರು ಕೂತಿದ್ದರು. ಸದಸ್ಯರು ಶಿಕ್ಷಕಿಯ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದರು, ಗಡಿಯಾರ ನೋಡಿದರು, ಹಿಂದಿನ ಸಾಲಿಗೆ ಹೋದರು.